ಅರ್ಜಿಯಲ್ಲಿ ಫೋನ್ ನಂಬರ್ ಮತ್ತು ಒಂದು ಲಗತ್ತು ತಪ್ಪಾಗಿದೆ, ಸರಿಪಡಿಸಿಕೊಳ್ಳಲು ಕೋರಿಕೆ

ಗೆ: ಮುಖ್ಯ ಶಿಕ್ಷಕರು, ಸರ್ಕಾರಿ ಪ್ರೌಢಶಾಲೆ
ದಿನಾಂಕ: 4 ಜೂನ್ 2025
ವಿಷಯ: ಗಣಿತ ಅತಿಥಿ ಶಿಕ್ಷಕಿ ಹುದ್ದೆಗೆ ಜೂನ್ 2ರಂದು ಮೇಲ್ ಮಾಡಿದ ಅರ್ಜಿಯ ತಿದ್ದುಪಡಿ

ಸರ್, ನಮಸ್ಕಾರ.

ಸೋಮವಾರ ನಾನು ಕಳಿಸಿದ ಅರ್ಜಿಯಲ್ಲಿ ಎರಡು ತಪ್ಪಾಗಿವೆ. ಎರಡೂ ನನ್ನವೇ. ಕೊನೆಯ ದಿನ ಜೂನ್ 6 ಆದ್ದರಿಂದ ಈಗಲೇ ತಿಳಿಸುತ್ತಿದ್ದೇನೆ.

ಮೊದಲನೆಯದು ಫೋನ್ ನಂಬರ್. ಅರ್ಜಿಯ ಮೊದಲ ಪುಟದಲ್ಲಿ ನನ್ನ ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ 4673 ಎಂದಿದೆ. ಅದು 4763 ಆಗಬೇಕು. ಮೊದಲ ಆರು ಅಂಕಿ ಸರಿ ಇವೆ. ಟೈಪ್ ಮಾಡಿದ್ದು ಜೆರಾಕ್ಸ್ ಅಂಗಡಿಯ ಹುಡುಗ, ಓದಿ ನೋಡದೆ ಸಹಿ ಹಾಕಿದ್ದು ನಾನು. ಗಣಿತ ಪಾಠ ಮಾಡಲು ಅರ್ಜಿ ಹಾಕಿದವಳು ಅಂಕಿಯನ್ನೇ ಹಿಂದುಮುಂದು ಮಾಡಿದ್ದಾಳೆ ಎಂದು ನಿಮಗೆ ನಗು ಬಂದರೆ ನನಗೆ ಬೇಜಾರಿಲ್ಲ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವಳೇ ನಾನು. ಇಲ್ಲಿ ವ್ಯತ್ಯಾಸ ಸರಿಯಾಗಿ 90.

ನಿನ್ನೆ ಸಂಜೆ ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಆ ನಂಬರಿಗೆ ನಾನೇ ಫೋನ್ ಮಾಡಿದೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಬ್ಬರು ಎತ್ತಿದರು. "ಹೌದಮ್ಮ, ಬೆಳಿಗ್ಗೆ ಯಾರೋ ಸ್ಕೂಲಿಂದ ಅಂತ ಮಾಡಿದ್ರು. ಕಾವ್ಯ ಅವರಾ ಅಂದ್ರು. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ" ಎಂದರು. ಆ ಫೋನ್ ನಿಮ್ಮ ಕಚೇರಿಯಿಂದ ಬಂದದ್ದಾದರೆ, ನಾನು ಬೇಕೆಂದೇ ಮಾತಾಡಲಿಲ್ಲ ಎಂದುಕೊಳ್ಳಬೇಡಿ. ಯಾವ ವಿಷಯಕ್ಕೆ ಮಾಡಿದ್ದಿರಿ ಎಂದು ಸರಿಯಾದ ನಂಬರಿಗೆ ಇನ್ನೊಮ್ಮೆ ತಿಳಿಸಿದರೆ ಉಪಕಾರವಾಗುತ್ತದೆ. ಮೇಲ್‌ನಲ್ಲಿ ತಿಳಿಸಿದರೂ ಸಾಕು, ಮೇಲ್ ವಿಳಾಸ ಸರಿ ಇದೆ.

ಎರಡನೆಯದು ಲಗತ್ತು. ಬಿ.ಎಡ್. ನಾಲ್ಕು ಸೆಮಿಸ್ಟರಿನ ಅಂಕಪಟ್ಟಿಗಳಲ್ಲಿ ಮೂರು ಮಾತ್ರ ನಿಮಗೆ ತಲುಪಿವೆ. ಮೂರನೇ ಸೆಮಿಸ್ಟರಿನದು ಇರಬೇಕಾದ ಜಾಗದಲ್ಲಿ ನಮ್ಮ ಜಮೀನಿನ ಪಹಣಿ ಹೋಗಿದೆ. ಅಪ್ಪನ ಬೆಳೆ ವಿಮೆಗೆಂದು ಅದೇ ದಿನ, ಅದೇ ಅಂಗಡಿಯಲ್ಲಿ ಪಹಣಿಯನ್ನೂ ಸ್ಕ್ಯಾನ್ ಮಾಡಿಸಿದ್ದೆ. ಒಂದರ ಹೆಸರು `Scan_0047.pdf`, ಇನ್ನೊಂದರದ್ದು `Scan_0048.pdf`. ತೆರೆದು ನೋಡದೆ ಲಗತ್ತಿಸಿದೆ. ಮೆರಿಟ್ ಲೆಕ್ಕಕ್ಕೆ ನಾಲ್ಕೂ ಸೆಮಿಸ್ಟರಿನ ಅಂಕ ಬೇಕಲ್ಲ, ಆದ್ದರಿಂದ ಸರಿಯಾದ ಅಂಕಪಟ್ಟಿಯನ್ನು ಈ ಮೇಲ್‌ಗೆ ಲಗತ್ತಿಸಿದ್ದೇನೆ. ಫೈಲಿನ ಹೆಸರು `BEd_Sem3_Kavya.pdf`, ಹಿಂದೆ ಮುಂದೆ ಸೇರಿ 2 ಪುಟ. ಈ ಸಲ ತೆರೆದು ನೋಡಿದ್ದೇನೆ, ಅಪ್ಪನಿಗೂ ತೋರಿಸಿದ್ದೇನೆ.

ಪಹಣಿಯ ಬಗ್ಗೆ ಒಂದು ವಿನಂತಿ. ಅದರ 9ನೇ ಕಾಲಮ್ಮಿನಲ್ಲಿ ಅಪ್ಪನ ಜೊತೆ ಚಿಕ್ಕಪ್ಪನ ಹೆಸರೂ ಇದೆ, 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲವೂ ಇದೆ. ಮನೆಯ ವಿಷಯ ಅರ್ಜಿಯ ಕಡತದಲ್ಲಿ ಉಳಿಯುವುದು ಬೇಡ ಅನಿಸುತ್ತದೆ. ಆ ಫೈಲನ್ನು ದಯವಿಟ್ಟು ಅಳಿಸಿಬಿಡಿ. ಪ್ರಿಂಟ್ ತೆಗೆದಾಗಿದ್ದರೆ ಆ ಹಾಳೆ ಎತ್ತಿಡಲು ಹೇಳಿ, ಬಂದಾಗ ತೆಗೆದುಕೊಂಡು ಹೋಗುತ್ತೇನೆ.

ಇವೆರಡು ಬಿಟ್ಟು ಅರ್ಜಿಯಲ್ಲಿ ಬೇರೇನೂ ಬದಲಾಗಿಲ್ಲ. ಬಿ.ಎಡ್. ಒಟ್ಟು ಶೇ. 78.4 ಎಂದು ಬರೆದಿರುವುದು ಸರಿ, ಮೂರನೇ ಸೆಮಿಸ್ಟರ್ ಸೇರಿಸಿಯೇ ಬರೆದದ್ದು. ನಂಬರ್ ತಿದ್ದಿ, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದ ಮೊದಲ ಪುಟವನ್ನೂ ಲಗತ್ತಿಸಿದ್ದೇನೆ. ಇದನ್ನು ಹೊಸ ಅರ್ಜಿ ಎಂದು ತೆಗೆದುಕೊಳ್ಳದೆ, ಜೂನ್ 2ರ ಅರ್ಜಿಯ ಜೊತೆಗೇ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೂಲ ಅಂಕಪಟ್ಟಿಗಳನ್ನು ತೋರಿಸಲು ನಾಳೆ, ಗುರುವಾರ, ಬೆಳಿಗ್ಗೆ 11ಕ್ಕೆ ಶಾಲೆಗೆ ಬರುತ್ತೇನೆ. ಆ ಹೊತ್ತು ಅನುಕೂಲವಿಲ್ಲದಿದ್ದರೆ ತಿಳಿಸಿ.

ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ವಂದನೆಗಳೊಂದಿಗೆ,
ಕಾವ್ಯ
(ಮೊಬೈಲಿನ ಕೊನೆಯ ನಾಲ್ಕು ಅಂಕಿ 4763. ಪೂರ್ತಿ ನಂಬರ್ ಲಗತ್ತಿಸಿದ ಮೊದಲ ಪುಟದಲ್ಲಿದೆ.)

ಕಚೇರಿಯ ಮೇಡಂಗೆ ವಾಟ್ಸಾಪ್, ಅದೇ ದಿನ ಬೆಳಿಗ್ಗೆ 10.20

ನಮಸ್ಕಾರ ಮೇಡಂ. ನಾನು ಕಾವ್ಯ, ಗಣಿತ ಅತಿಥಿ ಶಿಕ್ಷಕಿ ಹುದ್ದೆಗೆ ಸೋಮವಾರ ಅರ್ಜಿ ಕಳಿಸಿದವಳು. ಅರ್ಜಿಯಲ್ಲಿ ನನ್ನ ನಂಬರ್ ತಪ್ಪಾಗಿತ್ತು. ಈ ಮೆಸೇಜ್ ಬಂದಿದೆಯಲ್ಲ, ಇದೇ ಸರಿಯಾದ ನಂಬರ್. ಹೆಡ್‌ಮಾಸ್ಟರ್ ಸರ್‌ಗೆ ಈಗ ತಾನೇ ಮೇಲ್ ಮಾಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ನಂಬರ್ ಬರೆದುಕೊಂಡಿದ್ದರೆ ಅಲ್ಲೂ ತಿದ್ದಿಕೊಳ್ಳಿ ಮೇಡಂ. ಮೇಲ್‌ನಲ್ಲಿ ತಿದ್ದಿ ಪಟ್ಟಿಯಲ್ಲಿ ಹಾಗೇ ಉಳಿದರೆ ಫೋನ್ ಮತ್ತೆ ತಿಪಟೂರಿಗೇ ಹೋಗುತ್ತೆ, ಅಲ್ವಾ? ನೋಡಿದ ಮೇಲೆ ಒಂದು "ಸರಿ" ಅಂತ ಹಾಕಿದರೆ ಸಾಕು. ಸುಮ್ನೆ ಫೋನ್ ಮಾಡಿ ಕೆಲಸದ ನಡುವೆ ತೊಂದರೆ ಕೊಡೋದು ಬೇಡ ಅಂತ ಬರೆದೆ.

ಜೆರಾಕ್ಸ್ ಪ್ರತಿಯ ಮೇಲೆ ಪಿನ್ ಮಾಡಿದ ಚೀಟಿ, ಜೂನ್ 5

ಕಾವ್ಯ, ಗಣಿತ. ಜೂನ್ 2ರ ಅರ್ಜಿಗೆ ಸೇರಿಸಬೇಕಾದದ್ದು:
ಬಿ.ಎಡ್. ಮೂರನೇ ಸೆಮಿಸ್ಟರ್ ಅಂಕಪಟ್ಟಿ, 2 ಪುಟ. ತಿದ್ದಿದ ಅರ್ಜಿಯ ಮೊದಲ ಪುಟ, 1. ಒಟ್ಟು 3 ಹಾಳೆ.
ಹಿಂದೆ ಬಂದ ಪಹಣಿ ಅರ್ಜಿಗೆ ಸಂಬಂಧಿಸಿದ್ದಲ್ಲ. ವಾಪಸ್ ಪಡೆದಿದ್ದೇನೆ. (ಸಹಿ)

ತಿಪಟೂರಿನವರಿಗೆ ಮೆಸೇಜ್, ಜೂನ್ 5 ಮಧ್ಯಾಹ್ನ

ಅಣ್ಣಾ ನಮಸ್ಕಾರ. ಮೊನ್ನೆ ಸಂಜೆ ಫೋನ್ ಮಾಡಿದ್ದೆನಲ್ಲ, ಅರ್ಜಿಯಲ್ಲಿ ನಿಮ್ಮ ನಂಬರ್ ಬರೆದುಬಿಟ್ಟವಳು. ಶಾಲೆಗೆ ಹೋಗಿ ಸರಿ ಮಾಡಿಸಿ ಬಂದೆ. ಇನ್ನು ನಿಮಗೆ ಫೋನ್ ಬರಲಾರದು. ಹಾಗೂ ಬಂದರೆ ಬೈಯಬೇಡಿ, ಈ ನಂಬರ್ ಕೊಟ್ಟುಬಿಡಿ. ನೀವು ಅವತ್ತು ಸಮಾಧಾನವಾಗಿ ಮಾತಾಡಿದ್ದಕ್ಕೆ ಶಾಲೆಯವರು ಹುಡುಕಿದ್ದು ಗೊತ್ತಾಯಿತು. ಸೋಮವಾರ ಡೆಮೊ ಕ್ಲಾಸಿಗೆ ಬರಲು ಹೇಳಿದ್ದಾರೆ.