ಫೋಟೋ ಪತ್ತೇದಾರಿ: ಈ ಜಾಗ ಯಾವುದು?

ಪರದೆಯ ಮೇಲೆ ಒಂದು ಫೋಟೋ ಬರುತ್ತದೆ, ಜಾಗದ ಹೆಸರು ಇರುವುದಿಲ್ಲ. ಚಿತ್ರದಲ್ಲಿ ಕಾಣುವುದನ್ನಷ್ಟೇ ಹಿಡಿದು ಅದು ಯಾವ ದೇಶ, ಆ ದೇಶದ ಯಾವ ಭಾಗ ಎಂದು ಪತ್ತೆಹಚ್ಚಬೇಕು. 2013ರಲ್ಲಿ ಶುರುವಾದ ಜಿಯೋಗೆಸರ್ ಎಂಬ ಆನ್‌ಲೈನ್ ಆಟವೂ ಇದೇ ಬಗೆಯದು. ನಮ್ಮ ಆಟಕ್ಕೆ ನಾಲ್ವರ ಗುಂಪು, ಒಂದು ಅಟ್ಲಾಸ್, ಪೆನ್ಸಿಲ್, ಫೋಟೋಗೆ ಐದು ನಿಮಿಷ ಸಾಕು.

ನಿಯಮ ಒಂದೇ: ಉತ್ತರಕ್ಕಿಂತ ಮೊದಲು ಸುಳಿವು ಬರೆಯಬೇಕು. ಪ್ರತಿ ಸುಳಿವಿನ ಎದುರು, ಅದರಿಂದ ಯಾವ ದೇಶಗಳು ಪಟ್ಟಿಯಿಂದ ಹೊರಬಿದ್ದವು ಎಂದೂ ಬರೆಯಬೇಕು. ಯಾವುದು ಅಲ್ಲ ಎಂದು ಗೊತ್ತಾಗುತ್ತಾ ಹೋದಂತೆ ಯಾವುದು ಹೌದು ಎಂಬುದು ತಾನಾಗಿ ಹತ್ತಿರವಾಗುತ್ತದೆ.

ಒಂದು ಫೋಟೋ ನೋಡೋಣ. ಅಗಲವಾದ ರಸ್ತೆ, ವಾಹನಗಳು ಎಡಗಡೆ ಹೋಗುತ್ತಿವೆ. ಅಮೆರಿಕ, ಫ್ರಾನ್ಸ್, ಬ್ರೆಜಿಲ್, ಚೀನಾ ಅಲ್ಲಿಗೇ ಹೊರಗೆ. ಬ್ರಿಟನ್, ಭಾರತ, ಜಪಾನ್, ಥಾಯ್ಲೆಂಡ್, ಆಸ್ಟ್ರೇಲಿಯಾ, ಕೀನ್ಯಾ ಇನ್ನೂ ಉಳಿದಿವೆ. ಅಡ್ಡರಸ್ತೆ ಸೇರುವಲ್ಲಿ ತಲೆಕೆಳಗಾದ ತ್ರಿಕೋನದ ಫಲಕವಿದೆ. ಅದು ಪೂರ್ತಿ ಕೆಂಪು, ಮೇಲೆ ಬಿಳಿ ಅಕ್ಷರ. ಹೆಚ್ಚಿನ ದೇಶಗಳಲ್ಲಿ ‘ನಿಲ್ಲಿ’ ಎನ್ನುವ ಫಲಕಕ್ಕೆ ಎಂಟು ಮೂಲೆ. ಜಪಾನಿನಲ್ಲಿ ಹೀಗೆ ತ್ರಿಕೋನ. ದೇಶ ಸಿಕ್ಕಿತು. ಈಗ ರಸ್ತೆಯ ಅಂಚಿನ ಮೇಲೆ ನೋಡಿ: ಕಂಬದಿಂದ ಚಾಚಿಕೊಂಡು, ನೆಲದ ಕಡೆ ತೋರಿಸುವ ಕೆಂಪು-ಬಿಳಿ ಪಟ್ಟೆಯ ಬಾಣಗಳು. ಹಿಮ ರಸ್ತೆಯನ್ನು ಮುಚ್ಚಿದಾಗ ಅಂಚು ಎಲ್ಲಿದೆ ಎಂದು ಚಾಲಕರಿಗೆ ಅವು ತೋರಿಸುತ್ತವೆ. ಹಾಗಾಗಿ ಇದು ಹಿಮ ಜೋರಾಗಿ ಬೀಳುವ ಉತ್ತರ ಭಾಗ, ಬಹುಶಃ ಹೊಕ್ಕೈಡೊ ದ್ವೀಪ. ನನಗೆ ಈ ಆಟದಲ್ಲಿ ಅತಿ ಇಷ್ಟವಾಗುವುದು ಇಂಥ ಬಾಣಗಳೇ. ಒಂದು ಕಂಬ ಅಲ್ಲಿನ ಹವಾಮಾನವನ್ನೇ ಹೇಳಿಬಿಡುತ್ತದೆ!

ಅಕ್ಷರ ಓದಲು ಬರದಿದ್ದರೂ ಆಕಾರ ಗುರುತಿಸಬಹುದು. ಪುಟ್ಟ ವೃತ್ತಗಳು, ನೇರ ಗೆರೆಗಳು ಕೂಡಿದ್ದರೆ ಕೊರಿಯನ್. ಲ್ಯಾಟಿನ್ ಅಕ್ಷರಗಳ ನಡುವೆ ł ಕಂಡರೆ ಪೋಲೆಂಡ್ ಇರಬಹುದು. ನೆರಳೂ ಸುಳಿವೇ, ಆದರೆ ಚಿತ್ರದಲ್ಲಿ ಉತ್ತರ ದಿಕ್ಕು ಯಾವುದೆಂದು ಗೊತ್ತಿರಬೇಕು. ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬಿದ್ದಿದ್ದರೆ ಯುರೋಪ್ ಅಂತೂ ಅಲ್ಲ. ಸಮಭಾಜಕದ ಆಸುಪಾಸಿನಲ್ಲಿ ಮಾತ್ರ ಋತುವಿಗೆ ತಕ್ಕಂತೆ ನೆರಳು ಎರಡೂ ಕಡೆ ಬೀಳುತ್ತದೆ.

ಎಲ್ಲರ ಕಣ್ಣಿಗೆ ಮೊದಲು ಬೀಳುವ ಸುಳಿವನ್ನು ಬೇಗ ನಂಬಬೇಡಿ. ನೀಲಗಿರಿ ಮರದ ಮೂಲ ಆಸ್ಟ್ರೇಲಿಯಾವಾದರೂ ಈಗ ಅದು ಹಲವು ಖಂಡಗಳಲ್ಲಿ ಬೆಳೆಯುತ್ತದೆ. ಐಫೆಲ್ ಗೋಪುರದ ಅರ್ಧದಷ್ಟು ಎತ್ತರದ ಪ್ರತಿರೂಪ ಅಮೆರಿಕದ ಲಾಸ್ ವೇಗಸ್‌ನಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸುಳಿವುಗಳು ಒಂದೇ ದೇಶ ತೋರಿಸಿದರೆ ಮಾತ್ರ ಉತ್ತರ ಬರೆಯಿರಿ.

ಆಟಕ್ಕೆ ಬೀದಿ, ಬೆಟ್ಟ, ನಿಲ್ದಾಣದಂಥ ಸಾರ್ವಜನಿಕ ಜಾಗದ ಚಿತ್ರಗಳನ್ನೇ ಬಳಸಿ. ಯಾರದೋ ಮನೆಯ ಅಥವಾ ಸ್ನೇಹಿತರ ಫೋಟೋ ಇಟ್ಟುಕೊಂಡು ಅವರಿರುವ ಜಾಗ ಹುಡುಕುವುದು ಈ ಆಟದಲ್ಲಿಲ್ಲ.

ಅಂಕ ಹೀಗೆ: ಸರಿಯಾದ ದೇಶಕ್ಕೆ 3, ಸರಿಯಾದ ಭಾಗಕ್ಕೆ 2, ಕಾರಣ ಸಮೇತ ಬರೆದ ಪ್ರತಿ ಸುಳಿವಿಗೆ 1. ದೇಶ ತಪ್ಪಿದರೂ ಸುಳಿವಿನ ಅಂಕ ನಿಮ್ಮದೇ.