ಅಂಕ ನೋಡಿ ಉತ್ತರ ಬರೆಯಿರಿ: 10ನೇ ತರಗತಿ ವಿಜ್ಞಾನ ಅಭ್ಯಾಸ ಹಾಳೆ

ಪಾಠಗಳು: ಜೀವಕ್ರಿಯೆಗಳು, ವಿದ್ಯುಚ್ಛಕ್ತಿ, ರಾಸಾಯನಿಕ ಕ್ರಿಯೆಗಳು
ಅಭ್ಯಾಸ ಭಾಗ: 20 ಅಂಕ, 35 ನಿಮಿಷ

ಮಕ್ಕಳೇ, ಪೂರ್ವಸಿದ್ಧತಾ ಪರೀಕ್ಷೆಗೆ ಇನ್ನು ಎರಡು ವಾರ ಇದೆ. ಹೊಸ ಪಾಠ ಯಾವುದೂ ಈ ಹಾಳೆಯಲ್ಲಿ ಇಲ್ಲ. ಗೊತ್ತಿರುವ ಉತ್ತರವನ್ನೇ ಎಷ್ಟು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಇಲ್ಲಿ ಕಲಿಯುತ್ತೇವೆ.

ಕಳೆದ ಘಟಕ ಪರೀಕ್ಷೆಯಲ್ಲಿ ಹೃದಯದ ಮೇಲೆ ಒಂದು ಅಂಕದ ಪ್ರಶ್ನೆ ಇತ್ತು. ಒಂದು ಉತ್ತರ ಪತ್ರಿಕೆಯಲ್ಲಿ ಅದಕ್ಕೆ ಹನ್ನೊಂದು ಸಾಲು ಇತ್ತು, ಎಲ್ಲವೂ ಸರಿಯೇ. ಅದೇ ಪತ್ರಿಕೆಯ ಕೊನೆಯಲ್ಲಿದ್ದ ಐದು ಅಂಕದ ಪ್ರಶ್ನೆಗೆ ಮೂರೇ ಸಾಲು. ಮೂರನೇ ಸಾಲು ಅರ್ಧಕ್ಕೆ ನಿಂತಿತ್ತು, ಗಂಟೆ ಹೊಡೆದಿತ್ತು. ಆ ವಿದ್ಯಾರ್ಥಿಗೆ ಪಾಠ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬರೆದ ಹನ್ನೊಂದು ಸಾಲಿಗೆ ಸಿಕ್ಕಿದ್ದು ಒಂದೇ ಅಂಕ. ಬರೆಯದೇ ಬಿಟ್ಟಿದ್ದಕ್ಕೆ ಹೋಗಿದ್ದು ಮೂರು ಅಂಕ. ಆವತ್ತು ರಾತ್ರಿಯೇ ಈ ಹಾಳೆ ಬರೆಯಲು ಕೂತೆ.

ಪ್ರಶ್ನೆಯ ಪಕ್ಕದಲ್ಲಿರುವ ಅಂಕಿ ಅಂದರೆ ಮೌಲ್ಯಮಾಪಕರು ನಿಮ್ಮ ಉತ್ತರದಲ್ಲಿ ಹುಡುಕುವ ಅಂಶಗಳ ಲೆಕ್ಕ. ಎರಡು ಅಂಕ ಇದ್ದರೆ ಎರಡು ಅಂಶ. ಐದು ಇದ್ದರೆ ಐದು. ಒಂದೇ ಅಂಶವನ್ನು ಬೇರೆ ಬೇರೆ ಮಾತಿನಲ್ಲಿ ಮೂರು ಸಲ ಬರೆದರೂ ಅದು ಒಂದೇ ಅಂಶ.

ಭಾಗ 1: ಮಾಡಿ ತೋರಿಸಿದ ಉತ್ತರಗಳು

ಒಂದು ಅಂಕ

ಪ್ರಶ್ನೆ: ದೇಹದ ಎಲ್ಲ ಭಾಗಗಳಿಗೆ ರಕ್ತವನ್ನು ಪಂಪ್ ಮಾಡುವ ಹೃದಯದ ಕೋಣೆ ಯಾವುದು?

ಉತ್ತರ: ಎಡ ಹೃತ್ಕುಕ್ಷಿ.

ಅಷ್ಟೇ. ಪೆನ್ನು ಎತ್ತಿ ಮುಂದಿನ ಪ್ರಶ್ನೆಗೆ ಹೋಗಿ. ಹೃದಯಕ್ಕೆ ಎಷ್ಟು ಕೋಣೆ, ಅದು ಎಲ್ಲಿದೆ ಅಂತ ಇಲ್ಲಿ ಯಾರೂ ಕೇಳಿಲ್ಲ. ಆದರೆ ಬರೀ "ಹೃತ್ಕುಕ್ಷಿ" ಅಂತ ಬರೆದರೆ ಅಂಕ ಬರುವುದಿಲ್ಲ, ಯಾಕೆಂದರೆ ಹೃತ್ಕುಕ್ಷಿ ಎರಡಿವೆ. ಉತ್ತರ ಚಿಕ್ಕದಾಗಿರಲಿ, ಅರ್ಧ ಆಗಬಾರದು.

ಎರಡು ಅಂಕ

ಪ್ರಶ್ನೆ: ಹೃತ್ಕುಕ್ಷಿಗಳ ಗೋಡೆ ಹೃತ್ಕರ್ಣಗಳ ಗೋಡೆಗಿಂತ ದಪ್ಪವಾಗಿರುತ್ತದೆ. ಏಕೆ?

ಉತ್ತರ: ಹೃತ್ಕುಕ್ಷಿಗಳು ರಕ್ತವನ್ನು ಶ್ವಾಸಕೋಶಕ್ಕೆ ಮತ್ತು ದೇಹದ ಇತರ ಅಂಗಗಳಿಗೆ ಹೆಚ್ಚು ಒತ್ತಡದಲ್ಲಿ ಪಂಪ್ ಮಾಡಬೇಕು. ಹೃತ್ಕರ್ಣಗಳು ಪಕ್ಕದಲ್ಲೇ ಇರುವ ಹೃತ್ಕುಕ್ಷಿಗೆ ಮಾತ್ರ ರಕ್ತ ಕಳಿಸುತ್ತವೆ, ಆದ್ದರಿಂದ ಅವುಗಳಿಗೆ ಅಷ್ಟು ದಪ್ಪ ಗೋಡೆ ಬೇಕಿಲ್ಲ.

ಎರಡು ವಾಕ್ಯ, ಎರಡು ಅಂಶ. ತುಂಬಾ ಜನ ಮೊದಲ ವಾಕ್ಯ ಬರೆದು ನಿಲ್ಲಿಸುತ್ತಾರೆ. ಪ್ರಶ್ನೆಯಲ್ಲಿ "ಗಿಂತ" ಅಂತ ಇದೆ ಅಲ್ವಾ? ಹೋಲಿಸಿ ಕೇಳಿದಾಗ ಎರಡೂ ಕಡೆಯ ಮಾತು ಬರಬೇಕು. ಎರಡನೇ ಅಂಕ ಅಲ್ಲೇ ಇದೆ.

ಮೂರು ಅಂಕ

ಪ್ರಶ್ನೆ: ಅಪಧಮನಿ ಮತ್ತು ಅಭಿಧಮನಿಗಳ ನಡುವಿನ ಮೂರು ವ್ಯತ್ಯಾಸಗಳನ್ನು ಬರೆಯಿರಿ.

| ಅಪಧಮನಿ | ಅಭಿಧಮನಿ |
|---|---|
| ರಕ್ತವನ್ನು ಹೃದಯದಿಂದ ಅಂಗಗಳಿಗೆ ಒಯ್ಯುತ್ತದೆ | ರಕ್ತವನ್ನು ಅಂಗಗಳಿಂದ ಹೃದಯಕ್ಕೆ ತರುತ್ತದೆ |
| ಗೋಡೆ ದಪ್ಪ, ಸ್ಥಿತಿಸ್ಥಾಪಕ ಗುಣ ಇದೆ | ಗೋಡೆ ತೆಳು |
| ಉದ್ದಕ್ಕೂ ಕವಾಟಗಳಿಲ್ಲ | ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳಿವೆ |

ವ್ಯತ್ಯಾಸ ಕೇಳಿದರೆ ಗೆರೆ ಎಳೆದು ಎರಡು ಕಾಲಂ ಮಾಡಿ. ಎದುರುಬದುರು ಇರುವ ಒಂದು ಸಾಲಿಗೆ ಒಂದು ಅಂಕ. ಎಡಗಡೆ ಗೋಡೆಯ ಬಗ್ಗೆ ಬರೆದು ಬಲಗಡೆ ಕವಾಟದ ಬಗ್ಗೆ ಬರೆದರೆ ಅದು ವ್ಯತ್ಯಾಸ ಆಗುವುದಿಲ್ಲ, ಎರಡು ಬಿಡಿ ಮಾತು ಆಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಪ್ರತಿ ವರ್ಷ ಯಾರಾದರೂ ಬೀಳುತ್ತಾರೆ. "ಅಪಧಮನಿಯಲ್ಲಿ ಆಕ್ಸಿಜನ್‌ಯುಕ್ತ ರಕ್ತ, ಅಭಿಧಮನಿಯಲ್ಲಿ ಆಕ್ಸಿಜನ್‌ರಹಿತ ರಕ್ತ" ಅಂತ ಬರೆದುಬಿಡುತ್ತಾರೆ. ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಕ್ಸಿಜನ್‌ರಹಿತ ರಕ್ತ, ಪುಪ್ಪುಸಕ ಅಭಿಧಮನಿಯಲ್ಲಿ ಆಕ್ಸಿಜನ್‌ಯುಕ್ತ ರಕ್ತ. ಈ ಸಾಲು ಬರೆಯಲೇಬೇಕು ಅನ್ನಿಸಿದರೆ "ಪುಪ್ಪುಸಕ ರಕ್ತನಾಳಗಳನ್ನು ಹೊರತುಪಡಿಸಿ" ಅಂತ ಸೇರಿಸಿ. ಇಲ್ಲದಿದ್ದರೆ ಮೇಲಿನ ಮೂರೇ ಸಾಕು. ಮೂರು ಕೇಳಿದಾಗ ಐದು ಬರೆದರೆ ಹೆಚ್ಚು ಅಂಕ ಬರುವುದಿಲ್ಲ, ತಪ್ಪು ನುಸುಳುವ ದಾರಿ ಮಾತ್ರ ಜಾಸ್ತಿ ಆಗುತ್ತದೆ.

ನಾಲ್ಕು ಅಂಕ

ಪ್ರಶ್ನೆ: 6 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದೆ. ಈ ಜೋಡಣೆಯೊಂದಿಗೆ 4 ಓಮ್‌ನ ರೋಧಕವನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಬ್ಯಾಟರಿಗೆ ಸಂಪರ್ಕಿಸಿದೆ. ಮಂಡಲದ ಒಟ್ಟು ರೋಧ ಮತ್ತು ಒಟ್ಟು ವಿದ್ಯುತ್ ಪ್ರವಾಹ ಕಂಡುಹಿಡಿಯಿರಿ.

ಉತ್ತರ:

```
1/Rp = 1/R1 + 1/R2                        (1)
1/Rp = 1/6 + 1/3 = 3/6,  Rp = 2 Ω
R = Rp + R3 = 2 + 4 = 6 Ω                 (1)
I = V/R                                   (1)
I = 12/6 = 2 A                            (1)
```

ಲೆಕ್ಕದಲ್ಲಿ ಉದ್ದ ಅಂದರೆ ಹಂತಗಳು. ಆವರಣದಲ್ಲಿರುವುದು ಈ ಹಾಳೆಯ ಅಂಕ ಹಂಚಿಕೆ. ಚುರುಕಾದ ಮಕ್ಕಳೇ ಇಲ್ಲಿ ಅಂಕ ಕಳೆದುಕೊಳ್ಳುವುದು. ಮನಸ್ಸಿನಲ್ಲೇ ಲೆಕ್ಕ ಮಾಡಿ "6 Ω, 2 A" ಅಂತ ಬರೆದು ಹೋಗುತ್ತಾರೆ. ಉತ್ತರ ಸರಿ, ಆದರೆ ಸೂತ್ರದ ಎರಡು ಅಂಕ ಕಾಗದದ ಮೇಲೆ ಇಲ್ಲ. ಹಾಗೆಯೇ ಭಾಗಾಕಾರ ತಪ್ಪಿ 2ರ ಬದಲು 3 ಬಂತು ಅಂದುಕೊಳ್ಳಿ. ಹಂತ ಬರೆದಿದ್ದರೆ ಕೊನೆಯ ಅಂಕ ಮಾತ್ರ ಹೋಗುತ್ತದೆ, ಉಳಿದ ಮೂರು ನಿಮ್ಮ ಕೈಯಲ್ಲೇ ಇರುತ್ತವೆ. ಏಕಮಾನ ಮರೆಯಬೇಡಿ. ಬರೀ 2 ಅಂದರೆ ಎರಡು ಏನು?

ಐದು ಅಂಕ

ಪ್ರಶ್ನೆ: ಇಮ್ಮಡಿ ಪರಿಚಲನೆ ಎಂದರೇನು? ಮಾನವನ ಹೃದಯದಲ್ಲಿ ರಕ್ತದ ಹರಿವನ್ನು ವಿವರಿಸಿ. ಇದರ ಅವಶ್ಯಕತೆ ಏನು?

ಬರೆಯುವ ಮುಂಚೆ ಅರ್ಧ ನಿಮಿಷ ಪ್ರಶ್ನೆಯನ್ನು ನೋಡಿ. ಅದರಲ್ಲಿ ಮೂರು ಪ್ರಶ್ನೆ ಅಡಗಿವೆ: ಎಂದರೇನು, ವಿವರಿಸಿ, ಅವಶ್ಯಕತೆ ಏನು. ಐದು ಅಂಕ ಇವುಗಳಿಗೆ 1, 3, 1 ಅಂತ ಹಂಚುತ್ತದೆ. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಹಾಗೆ ಗುರುತು ಹಾಕಿಕೊಳ್ಳಿ.

ಉತ್ತರ:

ಒಂದು ಪೂರ್ಣ ಸುತ್ತಿನಲ್ಲಿ ರಕ್ತವು ಹೃದಯದ ಮೂಲಕ ಎರಡು ಸಲ ಹಾದುಹೋಗುವುದಕ್ಕೆ ಇಮ್ಮಡಿ ಪರಿಚಲನೆ ಎನ್ನುತ್ತಾರೆ. (1)

ರಕ್ತದ ಹರಿವು:
• ಶ್ವಾಸಕೋಶದಿಂದ ಆಕ್ಸಿಜನ್‌ಯುಕ್ತ ರಕ್ತ ಪುಪ್ಪುಸಕ ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ. (1)
• ಎಡ ಹೃತ್ಕುಕ್ಷಿ ಸಂಕುಚಿಸಿದಾಗ ರಕ್ತ ಮಹಾ ಅಪಧಮನಿಯ ಮೂಲಕ ದೇಹದ ಎಲ್ಲ ಭಾಗಗಳಿಗೆ ಹೋಗುತ್ತದೆ. (1)
• ಆಕ್ಸಿಜನ್‌ರಹಿತ ರಕ್ತ ಮಹಾ ಅಭಿಧಮನಿಗಳ ಮೂಲಕ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ ಬರುತ್ತದೆ. ಬಲ ಹೃತ್ಕುಕ್ಷಿ ಅದನ್ನು ಪುಪ್ಪುಸಕ ಅಪಧಮನಿಯ ಮೂಲಕ ಶ್ವಾಸಕೋಶಕ್ಕೆ ಕಳಿಸುತ್ತದೆ. (1)

ಅವಶ್ಯಕತೆ: ಆಕ್ಸಿಜನ್‌ಯುಕ್ತ ಮತ್ತು ಆಕ್ಸಿಜನ್‌ರಹಿತ ರಕ್ತ ಬೆರೆಯುವುದಿಲ್ಲ, ಹಾಗಾಗಿ ದೇಹಕ್ಕೆ ಆಕ್ಸಿಜನ್ ಪೂರೈಕೆ ಚೆನ್ನಾಗಿ ಆಗುತ್ತದೆ. ದೇಹದ ಉಷ್ಣತೆ ಕಾಪಾಡಿಕೊಳ್ಳಲು ಹೆಚ್ಚು ಶಕ್ತಿ ಬೇಕಾದ ಸಸ್ತನಿ ಮತ್ತು ಪಕ್ಷಿಗಳಿಗೆ ಇದು ಅವಶ್ಯಕ. (1)

ಹತ್ತು ಹನ್ನೆರಡು ಸಾಲು ಆಯಿತು. ಇದರಲ್ಲಿ ಒಂದು ಸಾಲೂ ಸುಮ್ನೆ ಬಂದಿಲ್ಲ. "ಹೃದಯವು ನಮ್ಮ ದೇಹದ ಅತಿ ಮುಖ್ಯ ಅಂಗವಾಗಿದೆ" ಅಂತ ಶುರು ಮಾಡುವ ಅಭ್ಯಾಸ ನಿಮ್ಮಲ್ಲಿ ಹಲವರಿಗೆ ಇದೆ. ಅದು ನಿಜ. ಆದರೆ ಆ ಸಾಲಿಗೆ ಅಂಕ ಇಲ್ಲ. ಪ್ರಬಂಧದಲ್ಲಿ ಪೀಠಿಕೆ ಬೇಕು, ಇಲ್ಲಿ ನೇರವಾಗಿ ವಿಷಯಕ್ಕೆ ಬನ್ನಿ. ರಕ್ತದ ದಾರಿಯನ್ನು ಬಾಣದ ಗುರುತಿನ ಚಿತ್ರದಲ್ಲಿ ತೋರಿಸಬೇಕು ಅನ್ನಿಸಿದರೆ ತೋರಿಸಿ, ಹೆಸರು ಬರೆಯುವುದನ್ನು ಮಾತ್ರ ಬಿಡಬೇಡಿ.

ಭಾಗ 2: ಈಗ ನೀವು ಬರೆಯಿರಿ

ಪ್ರತಿ ಪ್ರಶ್ನೆಯ ಮುಂದೆ ಸಾಲುಗಳ ಮಿತಿ ಕೊಟ್ಟಿದ್ದೇನೆ. ಅದನ್ನು ದಾಟಬೇಡಿ. ದಾಟುತ್ತಿದ್ದೀರಿ ಅನ್ನಿಸಿದರೆ ನಿಲ್ಲಿಸಿ, ಯಾವ ಮಾತು ಎರಡು ಸಲ ಬಂದಿದೆ ನೋಡಿ.

1. ಸಸ್ಯಗಳಲ್ಲಿ ನೀರನ್ನು ಬೇರಿನಿಂದ ಎಲೆಗೆ ಸಾಗಿಸುವ ಅಂಗಾಂಶ ಯಾವುದು? (1 ಅಂಕ, 1 ಸಾಲು)
2. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಘಟಕವನ್ನು ಹೆಸರಿಸಿ. (1 ಅಂಕ, 1 ಸಾಲು)
3. ವಿದ್ಯುತ್ ರೋಧದ ಅಂತರರಾಷ್ಟ್ರೀಯ ಏಕಮಾನ ಯಾವುದು? (1 ಅಂಕ, 1 ಸಾಲು)
4. ಓಮ್‌ನ ನಿಯಮವನ್ನು ನಿರೂಪಿಸಿ. (1 ಅಂಕ, 2 ಸಾಲು)
5. ಅನ್ನವನ್ನು ತುಂಬಾ ಹೊತ್ತು ಅಗಿದರೆ ಸಿಹಿ ರುಚಿ ಬರುತ್ತದೆ. ಏಕೆ? (2 ಅಂಕ, 3 ಸಾಲು)
6. ಚಿಪ್ಸ್ ಪೊಟ್ಟಣದಲ್ಲಿ ನೈಟ್ರೋಜನ್ ಅನಿಲ ತುಂಬುತ್ತಾರೆ. ಏಕೆ? (2 ಅಂಕ, 3 ಸಾಲು)
7. ಆಕ್ಸಿಜನ್ ಸಹಿತ ಮತ್ತು ಆಕ್ಸಿಜನ್ ರಹಿತ ಉಸಿರಾಟಗಳ ನಡುವಿನ ಮೂರು ವ್ಯತ್ಯಾಸ ಬರೆಯಿರಿ. (3 ಅಂಕ, ಕೋಷ್ಟಕ)
8. ಒಂದು ಇಸ್ತ್ರಿ ಪೆಟ್ಟಿಗೆ 220 ವೋಲ್ಟ್ ವಿಭವಾಂತರದಲ್ಲಿ 1100 ವ್ಯಾಟ್ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹ ಮತ್ತು ಅದರ ರೋಧ ಕಂಡುಹಿಡಿಯಿರಿ. (4 ಅಂಕ, ಎಲ್ಲ ಹಂತಗಳೊಂದಿಗೆ)
9. ಸಣ್ಣ ಕರುಳಿನಲ್ಲಿ ಆಹಾರದ ಜೀರ್ಣಕ್ರಿಯೆ ಮತ್ತು ಹೀರಿಕೆಯನ್ನು ವಿವರಿಸಿ. (5 ಅಂಕ, 10 ರಿಂದ 12 ಸಾಲು)

ಹಿಂಬದಿ: ಬರೆದು ಮುಗಿಸಿದ ಮೇಲೆ ನೋಡಿ

ನಿಮ್ಮ ಉತ್ತರದಲ್ಲಿ ಈ ಅಂಶ ಸಿಕ್ಕಿದ ಕಡೆ ಕೆಂಪು ಪೆನ್ನಿನಲ್ಲಿ ಒಂದು ಟಿಕ್ ಹಾಕಿ. ಪಕ್ಕದವರ ಹಾಳೆ ಬದಲಾಯಿಸಿಕೊಂಡು ಹಾಕಿದರೆ ಇನ್ನೂ ಒಳ್ಳೆಯದು. ಟಿಕ್ ಬೀಳದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಆ ಸಾಲುಗಳಿಗೆ ಹೋದ ಸಮಯವನ್ನು ಪರೀಕ್ಷೆಯಲ್ಲಿ ಉಳಿಸಬಹುದು.

1. ಕ್ಸೈಲಂ.
2. ನೆಫ್ರಾನ್.
3. ಓಮ್.
4. ಸ್ಥಿರ ತಾಪದಲ್ಲಿ ವಾಹಕದ ತುದಿಗಳ ನಡುವಿನ ವಿಭವಾಂತರವು ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ. ("ಸ್ಥಿರ ತಾಪದಲ್ಲಿ" ಅನ್ನುವ ಮಾತು ಬಿಟ್ಟರೆ ನಿಯಮ ಪೂರ್ತಿ ಆಗುವುದಿಲ್ಲ.)
5. ಲಾಲಾರಸದಲ್ಲಿ ಅಮೈಲೇಸ್ ಕಿಣ್ವ ಇದೆ (1). ಅದು ಅನ್ನದಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ (1).
6. ಚಿಪ್ಸ್‌ನಲ್ಲಿರುವ ಎಣ್ಣೆ ಆಕ್ಸಿಜನ್ ಜೊತೆ ವರ್ತಿಸಿ ಉತ್ಕರ್ಷಣಗೊಂಡು ಕಮಟುತ್ತದೆ (1). ನೈಟ್ರೋಜನ್ ತುಂಬಿದಾಗ ಆಕ್ಸಿಜನ್ ಸಂಪರ್ಕ ತಪ್ಪಿ ಕಮಟುವಿಕೆ ತಡೆಯುತ್ತದೆ (1).
7. ಆಕ್ಸಿಜನ್ ಬೇಕು / ಬೇಡ (1). ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಉಂಟಾಗುತ್ತವೆ / ಯೀಸ್ಟ್‌ನಲ್ಲಿ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್, ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ (1). ಹೆಚ್ಚು ಶಕ್ತಿ ಬಿಡುಗಡೆ / ಕಡಿಮೆ ಶಕ್ತಿ ಬಿಡುಗಡೆ (1).
8. ಹಂತಗಳು:

```
P = V × I                     (1)
I = P/V = 1100/220 = 5 A      (1)
R = V/I                       (1)
R = 220/5 = 44 Ω              (1)
```

9. ಯಕೃತ್ತಿನ ಪಿತ್ತರಸ ಆಮ್ಲೀಯ ಆಹಾರವನ್ನು ಪ್ರತ್ಯಾಮ್ಲೀಯ ಮಾಡುತ್ತದೆ, ಕೊಬ್ಬಿನ ದೊಡ್ಡ ಹನಿಗಳನ್ನು ಚಿಕ್ಕದಾಗಿಸುತ್ತದೆ (1). ಮೇದೋಜೀರಕ ರಸದ ಟ್ರಿಪ್ಸಿನ್ ಪ್ರೋಟೀನನ್ನು, ಲೈಪೇಸ್ ಕೊಬ್ಬನ್ನು ಜೀರ್ಣಿಸುತ್ತದೆ (1). ಕರುಳಿನ ರಸದ ಕಿಣ್ವಗಳು ಪ್ರೋಟೀನನ್ನು ಅಮೈನೋ ಆಮ್ಲವಾಗಿ, ಕಾರ್ಬೋಹೈಡ್ರೇಟನ್ನು ಗ್ಲುಕೋಸ್ ಆಗಿ, ಕೊಬ್ಬನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಬದಲಾಯಿಸುತ್ತವೆ (1). ಒಳಗೋಡೆಯ ಮೇಲೆ ಬೆರಳಿನಂಥ ವಿಲ್ಲೈಗಳಿದ್ದು ಹೀರಿಕೆಯ ಮೇಲ್ಮೈ ವಿಸ್ತೀರ್ಣವನ್ನು ಹೆಚ್ಚಿಸುತ್ತವೆ (1). ವಿಲ್ಲೈಗಳಲ್ಲಿ ರಕ್ತನಾಳಗಳು ತುಂಬಿವೆ, ಹೀರಿಕೊಂಡ ಆಹಾರವನ್ನು ದೇಹದ ಪ್ರತಿ ಜೀವಕೋಶಕ್ಕೂ ತಲುಪಿಸುತ್ತವೆ (1).

ಒಂಬತ್ತನೇ ಪ್ರಶ್ನೆಗೆ ಬಾಯಿ ಮತ್ತು ಜಠರದಿಂದ ಶುರು ಮಾಡಿದವರು ಆ ಸಾಲುಗಳ ಕೆಳಗೂ ಗೆರೆ ಎಳೆಯಿರಿ. ಪ್ರಶ್ನೆ ಕೇಳಿದ್ದು ಸಣ್ಣ ಕರುಳಿನ ಬಗ್ಗೆ. ಶುಕ್ರವಾರ ಎರಡನೇ ಪೀರಿಯಡ್‌ಗೆ ಟಿಕ್ ಮತ್ತು ಗೆರೆ ಎರಡೂ ಇರುವ ಹಾಳೆ ತನ್ನಿ. ಗೆರೆ ಜಾಸ್ತಿ ಇದೆ ಅಂತ ಯಾರೂ ಮುಚ್ಚಿಡಬೇಡಿ, ಒಬ್ಬೊಬ್ಬರ ಜೊತೆ ಕೂತು ನೋಡುತ್ತೇನೆ.