ಅತ್ತೆ, ಒಂದು ಅಡುಗೆ ಹೇಳಿಕೊಡಿ

ಅತ್ತೆ, ಊಟ ಆಯ್ತಾ? ಮೈಗೆ ಒಳ್ಳೇದಾಗುವಂಥ ಅಡುಗೆ ಯಾವುದಾದರೂ ಹೇಳಿಕೊಡ್ತೀರಾ? ಇಂಥದ್ದೇ ಅಂತ ಏನಿಲ್ಲ, ನಿಮಗೆ ತೋಚಿದ್ದು ಸಾಕು.

ನಿನ್ನೆ ಸಂಜೆ ಬೇಕರಿಯಿಂದ ಪಫ್ ತಂದಿದ್ದೆ. ಸುತ್ತಿದ್ದ ಪೇಪರ್ ಎಣ್ಣೆ ಕುಡಿದು ಗಾಜಿನ ಹಾಗಾಗಿತ್ತು. ತಿಂದೆ ಬಿಡಿ. ಆದರೆ ತಿಂದ ಮೇಲೆ ನಿಮ್ಮ ಒಂದೆಲಗದ ತಂಬುಳಿ ನೆನಪಾಯಿತು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಅದರಲ್ಲೇ ಸೊಪ್ಪು ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕುತ್ತಿದ್ದಿರಿ, ಅಲ್ವಾ? ನಾನು ಅನ್ನಕ್ಕೂ ಕಾಯದೆ ಲೋಟದಲ್ಲಿ ಹಾಕಿಸಿಕೊಂಡು ಸುಮ್ನೆ ಕುಡಿದುಬಿಡುತ್ತಿದ್ದೆ. ಅದೇ ಆಗಬೇಕು ಅಂತಿಲ್ಲ. ಬಸ್ಸಾರು, ಕೋಸಂಬರಿ, ರಾಗಿ ಅಂಬಲಿ, ಯಾವುದಾದರೂ ಸರಿ.

ಅಳತೆ ಮಾತ್ರ ಚಮಚದ ಲೆಕ್ಕದಲ್ಲಿ ಹೇಳಿ. ಹೋದ ಸಲ ನೀವು ‘ಚಿಟಿಕೆ ಮೆಂತ್ಯ’ ಅಂದಿರಿ. ನನ್ನ ಚಿಟಿಕೆ ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತೆ, ಸಾರು ಕಹಿಯಾಗಿ ಬಾಯಿಗಿಡೋಕೆ ಆಗಲಿಲ್ಲ. ಮನೆಯಲ್ಲಿ ಇವರು ಇನ್ನೂ ರೇಗಿಸುತ್ತಿದ್ದಾರೆ.

ಟೈಪ್ ಮಾಡೋಕೆ ಬೇಜಾರಾದರೆ ವಾಯ್ಸ್ ಮೆಸೇಜ್ ಹಾಕಿ, ನಾನು ಬರೆದುಕೊಳ್ಳುತ್ತೇನೆ. ಮಾವನನ್ನ ಕೇಳಿದೆ ಅಂತ ಹೇಳಿ.